ದೋಣಿ ಲೆಕ್ಕ: ಉತ್ತರ 10 ಸರಿ, ಆದರೆ ಬಿಟ್ಟುಬಿಟ್ಟ -0.4 ಏನು ಹೇಳುತ್ತದೆ?

ಮಲೆನಾಡ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹತ್ತನೇ ಕ್ಲಾಸು. ವರ್ಗ ಸಮೀಕರಣದ ಪಾಠದಲ್ಲಿ ಬಂದ ಒಂದು ಲೆಕ್ಕದಿಂದ ಎರಡು ದಿನದಿಂದ ನಮ್ಮ ಮನೆಯಲ್ಲಿ ಚರ್ಚೆ ನಡೀತಾ ಇದೆ. ಲೆಕ್ಕ ಇದು.

ಒಂದು ದೋಣಿ ಹೊಳೆಯ ಹರಿವಿನ ಎದುರು 24 ಕಿ.ಮೀ. ಹೋಗಿ, ಅಲ್ಲಿಂದ ತಕ್ಷಣ ತಿರುಗಿ ಹೊರಟ ಜಾಗಕ್ಕೇ ಬರುತ್ತದೆ. ಹೋಗಿ ಬರಲು ಒಟ್ಟು 5 ಗಂಟೆ ಆಯಿತು. ಹೊಳೆ ಗಂಟೆಗೆ 2 ಕಿ.ಮೀ. ವೇಗದಲ್ಲಿ ಹರಿಯುತ್ತದೆ. ನಿಂತ ನೀರಿನಲ್ಲಿ ದೋಣಿಯ ವೇಗ ಎಷ್ಟು?

ಮಗಳು ಮೊದಲು ಸಮೀಕರಣ ಬರೆಯದೆ ಬಾಯಲ್ಲೇ ಮಾಡಿದಳು. ಒಟ್ಟು 48 ಕಿ.ಮೀ., 5 ಗಂಟೆ, ಹಾಗಾದರೆ 9.6. "ಹೋಗುವಾಗ ಹೊಳೆ 2 ಕಿತ್ತುಕೊಳ್ಳುತ್ತೆ, ಬರುವಾಗ ಅದೇ 2 ಕೊಡುತ್ತೆ, ಎರಡೂ ವಜಾ ಆಗುತ್ತೆ ಅಲ್ವಾ ಅಮ್ಮ" ಅಂತ ಅವಳ ವಾದ. ಕೇಳಿದರೆ ನನಗೂ ಸರಿ ಅನ್ನಿಸಿತು. ಆಮೇಲೆ ಸಮೀಕರಣ ಹಾಕಿದಾಗ 10 ಮತ್ತು -0.4 ಅಂತ ಎರಡು ಉತ್ತರ ಬಂತು. ತರಗತಿಯಲ್ಲಿ "ಮೈನಸ್ ಬಂದದ್ದನ್ನು ಬಿಡಿ" ಅಂತ ಹೇಳಿ ಮುಂದಿನ ಲೆಕ್ಕಕ್ಕೆ ಹೋದರಂತೆ.

ಅವಳ ಪ್ರಶ್ನೆ ಎರಡು. 9.6 ಯಾಕೆ ತಪ್ಪು? ಮತ್ತೆ, ಸಮೀಕರಣವೇ ಕೊಟ್ಟ ಉತ್ತರವನ್ನು ಸುಮ್ನೆ ಯಾಕೆ ಬಿಡಬೇಕು? ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸ್ಪರ್ಧಾರ್ಥಿ

ಮೇಡಂ, ಇದಕ್ಕೆ ಸಮೀಕರಣವೇ ಬೇಡ. ಸ್ಪರ್ಧಾತ್ಮಕ ಪರೀಕ್ಷೆಗೆ ನಾವು ಹೀಗೆ ಮಾಡ್ತೀವಿ. ಎದುರು ಹೋಗುವ ವೇಗ 24/3, ಅಂದರೆ 8. ಹರಿವಿನ ಜೊತೆ ಬರುವ ವೇಗ 24/2, ಅಂದರೆ 12. ಎರಡನ್ನೂ ಕೂಡಿಸಿ ಅರ್ಧ ಮಾಡಿ, 10. ಕಳೆದು ಅರ್ಧ ಮಾಡಿದರೆ ಹೊಳೆಯ ವೇಗ 2. ಅರ್ಧ ನಿಮಿಷದ ಕೆಲಸ.

ಮಲೆನಾಡ ಅಮ್ಮ

ಆದರೆ ಸರ್, ಹೋಗಲು 3 ಗಂಟೆ, ಬರಲು 2 ಗಂಟೆ ಅಂತ ಲೆಕ್ಕದಲ್ಲಿ ಕೊಟ್ಟಿಲ್ಲ. ಒಟ್ಟು 5 ಅಂತ ಮಾತ್ರ ಇದೆ. ಆ 3 ಮತ್ತು 2 ನಿಮಗೆ ಎಲ್ಲಿಂದ ಸಿಕ್ಕಿತು?

ಸ್ಪರ್ಧಾರ್ಥಿ

ಹೌದು, ತಪ್ಪಾಗಿ ಓದಿಕೊಂಡೆ. ನಾವು ಅಭ್ಯಾಸ ಮಾಡುವ ಲೆಕ್ಕಗಳಲ್ಲಿ ಎರಡೂ ಸಮಯ ಬೇರೆ ಬೇರೆ ಕೊಟ್ಟಿರುತ್ತಾರೆ. 5ನ್ನು ನೋಡಿದ ಕೂಡಲೇ 3 ಮತ್ತು 2 ಅಂತ ಒಡೆದು ನೋಡಿದೆ, ಹೊಂದಿಕೊಂಡಿತು. ಅಂಕಿ ಬೇರೆ ಇದ್ದಿದ್ದರೆ ಸಿಗುತ್ತಿರಲಿಲ್ಲ.

ನಿವೃತ್ತ ಮೇಷ್ಟ್ರು

ಸ್ಪರ್ಧಾರ್ಥಿಯವರೇ, ನೀವು ಓದಿದ್ದು ಬೇರೆ ಲೆಕ್ಕ ಆದರೂ ಆ ವ್ಯತ್ಯಾಸ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಎರಡು ಸಮಯವೂ ಬೇರೆ ಬೇರೆ ಗೊತ್ತಿದ್ದರೆ ಎರಡು ವೇಗ ನೇರವಾಗಿ ಸಿಗುತ್ತವೆ. ಆಗ ಹೊಳೆಯ ವೇಗವನ್ನು ಕೊಡುವುದೂ ಬೇಡ, ಅದೂ ಲೆಕ್ಕದಿಂದಲೇ ಹೊರಗೆ ಬರುತ್ತದೆ. ಇಲ್ಲಿ ಎರಡು ಸಮಯ ಸೇರಿ ಒಂದೇ ಅಂಕಿಯಾಗಿದೆ. ಕಳೆದುಹೋದ ಆ ಮಾಹಿತಿಯ ಬದಲಿಗೆ ಹೊಳೆಯ ವೇಗ 2 ಅಂತ ಕೊಟ್ಟಿದ್ದಾರೆ. ವರ್ಗ ಸಮೀಕರಣ ಬರುವುದು ಇದೇ ಕಾರಣಕ್ಕೆ.

ಅಮ್ಮನವರೇ, ಮೊದಲು 9.6ರ ವಿಚಾರ. ಮಗಳ ವಾದ ಅರ್ಧ ದಾರಿಯವರೆಗೆ ಸರಿಯಾಗಿಯೇ ಇದೆ. ವೇಗದಲ್ಲಿ ಹೊಳೆ 2 ಕಿತ್ತುಕೊಂಡು 2 ಕೊಡುತ್ತದೆ, ನಿಜ. ಆದರೆ ಎಷ್ಟು ಹೊತ್ತು ಕಿತ್ತುಕೊಳ್ಳುತ್ತದೆ, ಎಷ್ಟು ಹೊತ್ತು ಕೊಡುತ್ತದೆ ಅಂತ ನೋಡಬೇಕು. ದೋಣಿಯ ವೇಗ 10 ಅಂತಲೇ ಇಟ್ಟುಕೊಳ್ಳಿ. ಎದುರು ಹೋಗುವಾಗ 8, ಹಾಗಾಗಿ 3 ಗಂಟೆ. ಬರುವಾಗ 12, ಹಾಗಾಗಿ 2 ಗಂಟೆ. ಹೊಳೆ 3 ಗಂಟೆ ಹೊತ್ತು ಹಿಂದಕ್ಕೆ ಎಳೆಯಿತು, ಅಂದರೆ 6 ಕಿ.ಮೀ. ನಷ್ಟ. 2 ಗಂಟೆ ಮಾತ್ರ ಮುಂದಕ್ಕೆ ತಳ್ಳಿತು, ಅಂದರೆ 4 ಕಿ.ಮೀ. ಲಾಭ. ಎರಡು ಕಿ.ಮೀ. ಬಾಕಿ ಉಳಿಯಿತು. 10ರ ವೇಗದಲ್ಲಿ 5 ಗಂಟೆಗೆ 50 ಕಿ.ಮೀ. ಆಗಬೇಕಿತ್ತು, ಆದದ್ದು 48. ನಿಧಾನ ಹೋಗುವ ದಾರಿಯಲ್ಲೇ ದೋಣಿ ಹೆಚ್ಚು ಹೊತ್ತು ಇರುತ್ತದೆ. ಅದಕ್ಕೇ ವಜಾ ಆಗುವುದಿಲ್ಲ.

ಈಗ ಸಮೀಕರಣ. ನಿಂತ ನೀರಿನ ವೇಗ x ಆಗಿರಲಿ. ವೇಗಗಳನ್ನು ಕೂಡಿಸಬೇಡಿ, ಸಮಯಗಳನ್ನು ಕೂಡಿಸಿ. ನಮಗೆ ಕೊಟ್ಟಿರುವುದು ಒಟ್ಟು ಸಮಯ ತಾನೇ.

```
24/(x-2) + 24/(x+2) = 5
```

ಇದನ್ನು ಬರೆಯುವಾಗಲೇ ಪಕ್ಕದಲ್ಲಿ ಒಂದು ಮಾತು ಬರೆದಿಡಲು ಮಗಳಿಗೆ ಹೇಳಿ: x ಎನ್ನುವುದು 2 ಆಗಬಾರದು, -2 ಕೂಡ ಆಗಬಾರದು. ಹಾಗೇನಾದರೂ ಆದರೆ ಛೇದ ಸೊನ್ನೆ ಆಗುತ್ತದೆ. ದೋಣಿಯ ವೇಗ ಸರಿಯಾಗಿ 2 ಆದರೆ ಅದು ಹೊಳೆಯ ಎದುರು ನಿಂತಲ್ಲೇ ನಿಂತಿರುತ್ತದೆ, 24 ಕಿ.ಮೀ. ಎಂದಿಗೂ ಮುಟ್ಟುವುದಿಲ್ಲ. ಛೇದ ಸೊನ್ನೆ ಅನ್ನುವುದಕ್ಕೆ ಹೊಳೆಯ ಮೇಲೆ ಇರುವ ಅರ್ಥ ಇದು.

ಎರಡೂ ಬದಿಯನ್ನು (x-2)(x+2) ಇಂದ ಗುಣಿಸಿದರೆ:

```
24(x+2) + 24(x-2) = 5(x² - 4)
48x = 5x² - 20
5x² - 48x - 20 = 0
5x² - 50x + 2x - 20 = 0
(x - 10)(5x + 2) = 0
```

ಮಕ್ಕಳು ಹೆಚ್ಚಾಗಿ ತಪ್ಪುವುದು ಮೊದಲ ಸಾಲಿನಲ್ಲಿ. ಎಡಗಡೆ ಗುಣಿಸುತ್ತಾರೆ, ಬಲಗಡೆಯ 5ನ್ನು ಹಾಗೇ ಬಿಡುತ್ತಾರೆ. ಆಗ 48x = 5 ಅಂತ ಆಗಿ ವೇಗ ಸುಮಾರು 0.1 ಬರುತ್ತದೆ. ಹೊಳೆಯ 2ಕ್ಕಿಂತ ಕಡಿಮೆ ವೇಗದ ದೋಣಿ ಎದುರು ಹೋಗಲಾರದು. ಉತ್ತರ 2ಕ್ಕಿಂತ ಕಡಿಮೆ ಬಂದರೆ ಎಲ್ಲೋ ತಪ್ಪಾಗಿದೆ ಅಂತ ಅಲ್ಲೇ ಗೊತ್ತಾಗಬೇಕು.

-0.4ರ ವಿಚಾರ ಆಮೇಲೆ ಬರೆಯುತ್ತೇನೆ. ಅದು ಒಳ್ಳೆಯ ಪ್ರಶ್ನೆ, ಅವಸರ ಬೇಡ.

ಕೋಡು ಹುಡುಗ

-0.4 ಯಾಕೆ ಬಂತು ಅಂತ ನಾನು ಹೇಳ್ತೀನಿ. ನಾನು ಎಂಜಿನಿಯರಿಂಗ್ ಎರಡನೇ ವರ್ಷ. ಛೇದ ಇರುವ ಸಮೀಕರಣವನ್ನು x ಇರುವ ಪದದಿಂದ ಗುಣಿಸಿದಾಗ ಮೂಲ ಸಮೀಕರಣದಲ್ಲಿ ಇಲ್ಲದ ಉತ್ತರ ಒಳಗೆ ನುಸುಳಬಹುದು. -0.4 ಅಂಥ ನುಸುಳಿದ ಉತ್ತರ. ಗುಣಿಸಿದ್ದರಿಂದ ಹುಟ್ಟಿದ್ದು, ನಿಜವಾದದ್ದಲ್ಲ. ಅದಕ್ಕೇ ಬಿಡುತ್ತೇವೆ.

ನಿವೃತ್ತ ಮೇಷ್ಟ್ರು

ತಮ್ಮಾ, ನೀನು ಹೇಳಿದ ನಿಯಮ ಸರಿ. ಆದರೆ ಇಲ್ಲಿ ಅದು ಹೊಂದುವುದಿಲ್ಲ. -0.4ನ್ನು ಮೊದಲ ಸಮೀಕರಣದಲ್ಲೇ ಇಟ್ಟು ನೋಡು, ಗುಣಿಸುವ ಮುಂಚಿನದರಲ್ಲಿ.

```
24/(-0.4-2) + 24/(-0.4+2)
= 24/(-2.4) + 24/1.6
= -10 + 15
= 5
```

ಸರಿಯಾಗಿ 5 ಬಂತು. ಅದು ನುಸುಳಿ ಬಂದದ್ದಲ್ಲ, ಸಮೀಕರಣದ ಸ್ವಂತ ಉತ್ತರ. ಗುಣಿಸಿದ್ದರಿಂದ ನುಸುಳಲು ಸಾಧ್ಯವಿರುವುದು ಛೇದವನ್ನು ಸೊನ್ನೆ ಮಾಡುವ ಅಂಕಿಗಳು ಮಾತ್ರ. ಇಲ್ಲಿ ಅವು 2 ಮತ್ತು -2. ಅವೆರಡೂ ನಮ್ಮ ಉತ್ತರದಲ್ಲಿ ಬಂದೇ ಇಲ್ಲ.

ಹಾಗಾಗಿ -0.4ನ್ನು ಬಿಡುವುದು ಬೀಜಗಣಿತದ ಕಾರಣಕ್ಕಲ್ಲ, ಹೊಳೆಯ ಕಾರಣಕ್ಕೆ. ಹೋಗಲು ಹಿಡಿದ ಸಮಯ -10 ಗಂಟೆ ಅಂತ ಅದು ಹೇಳುತ್ತದೆ. ಪ್ರಯಾಣದ ಸಮಯ ಸೊನ್ನೆಗಿಂತ ಹೆಚ್ಚಿರಬೇಕು ಎಂಬ ಮಾತು ನಮ್ಮ ತಲೆಯಲ್ಲಿತ್ತು, ಸಮೀಕರಣದಲ್ಲಿ ಬರೆದಿರಲಿಲ್ಲ. ಸಮೀಕರಣಕ್ಕೆ ಅದು ಗೊತ್ತಿಲ್ಲ.

ಕೋಡು ಹುಡುಗ

ಒಪ್ಪಿದೆ ಸರ್. ಇಟ್ಟು ನೋಡದೇ ಹೇಳಿಬಿಟ್ಟೆ. ಆದರೆ ಈಗ ನನಗೂ ಕುತೂಹಲ. ಸಮೀಕರಣದ ಸ್ವಂತ ಉತ್ತರ ಅಂದಮೇಲೆ ಅದು ಯಾವುದೋ ಒಂದು ಪ್ರಶ್ನೆಗೆ ಉತ್ತರ ಆಗಿರಲೇಬೇಕು. ಯಾವ ಪ್ರಶ್ನೆ? ಯೋಚಿಸಿ ಬರ್ತೀನಿ.

ಹೊನ್ನಾವರದ ದೋಣಿಯವ

ನಮಸ್ಕಾರ. ನಾನು ಶರಾವತಿ ಅಳಿವೆಯ ಕಡೆ ಪ್ರವಾಸಿಗರನ್ನು ದೋಣಿಯಲ್ಲಿ ಕಾಂಡ್ಲಾ ಕಾಡು ತೋರಿಸಲು ಕರೆದುಕೊಂಡು ಹೋಗುವವನು. ಈ ಲೆಕ್ಕ ಶಾಲೆಯಲ್ಲಿ ಮಾಡಿದ ನೆನಪಿತ್ತು. ಹೋದ ತಿಂಗಳು ಹೊಸ ಎಂಜಿನ್ ಹಾಕಿಸಿದ ಮೇಲೆ ಇದೇ ಸಮೀಕರಣದಿಂದ ವೇಗ ನೋಡೋಣ ಅಂದುಕೊಂಡೆ. 6 ಕಿ.ಮೀ. ಮೇಲಕ್ಕೆ ಹೋದೆ, ಅರ್ಧ ಗಂಟೆ ಆಯಿತು. ಜನರು ಅಲ್ಲಿ ಊಟ ಮಾಡಿ ಸುತ್ತಾಡಿದರು, ಮೂರೂವರೆ ಗಂಟೆ ನಿಂತೆವು. ವಾಪಸ್ 6 ಕಿ.ಮೀ. ಬಂದೆ, ಅದೂ ಅರ್ಧ ಗಂಟೆ. ಓಡಿಸಿದ್ದು ಒಟ್ಟು 1 ಗಂಟೆ. ಹರಿವು 2 ಅಂತ ಹಿಡಿದೆ.

ತಮ್ಮನ ಮಗ ಲೆಕ್ಕ ಮಾಡಿ 12.3 ಅಂದ. ಆದರೆ ನೀರು ನಿಂತ ಹೊತ್ತಿನಲ್ಲಿ, ಅಂದರೆ ಉಬ್ಬರ ಮುಗಿದು ಇಳಿತ ಶುರುವಾಗುವ ಮುಂಚೆ, ಅಷ್ಟೇ ಎಂಜಿನ್ ಕೊಟ್ಟು ನೋಡಿದರೆ ಫೋನಿನ ಜಿಪಿಎಸ್ 10 ತೋರಿಸುತ್ತದೆ. ಎರಡರಲ್ಲಿ ಯಾವುದನ್ನು ನಂಬಲಿ?

ನಿವೃತ್ತ ಮೇಷ್ಟ್ರು

ನಿಮ್ಮ ತಮ್ಮನ ಮಗ ಲೆಕ್ಕ ಸರಿಯಾಗಿಯೇ ಮಾಡಿದ್ದಾನೆ. 6/(x-2) + 6/(x+2) = 1 ಅಂತ ಹಾಕಿದರೆ x² - 12x - 4 = 0 ಬರುತ್ತದೆ, ಉತ್ತರ 12.32. ತಪ್ಪು ಲೆಕ್ಕದಲ್ಲಿಲ್ಲ, ಸಮೀಕರಣ ಹಾಕುವ ಜಾಗದಲ್ಲಿದೆ.

ನೀವು ಮೇಲಕ್ಕೆ ಹೋಗುವಾಗ ಉಬ್ಬರ ಇತ್ತು ಅಂತ ನನ್ನ ಊಹೆ. ಸಮುದ್ರದ ನೀರು ಒಳಗೆ ಬರುತ್ತಾ ನಿಮ್ಮನ್ನು ಮೇಲಕ್ಕೇ ತಳ್ಳಿತು. ಮೂರೂವರೆ ಗಂಟೆ ಕಳೆಯುವ ಹೊತ್ತಿಗೆ ಇಳಿತ ಶುರುವಾಗಿತ್ತು. ಬರುವಾಗಲೂ ನೀರು ನಿಮ್ಮ ಜೊತೆಗೇ ಬಂತು. ಎರಡು ದಿಕ್ಕಿನಲ್ಲೂ 10 + 2, ಅಂದರೆ 12. 6 ಕಿ.ಮೀ.ಗೆ ಅರ್ಧ ಗಂಟೆ. ನೀವು ಕೊಟ್ಟ ಅಂಕಿಗೆ ಸರಿ ಹೊಂದಿತು ಅಲ್ವಾ? ಒಂದು ದಿಕ್ಕಿನಲ್ಲಿ ಹೊಳೆ ಎದುರು ಇದ್ದೇ ಇರುತ್ತದೆ ಅಂತ ನಮ್ಮ ಸಮೀಕರಣ ನಂಬಿಕೊಂಡಿದೆ. ನಿಮ್ಮ ಹೊಳೆ ಆ ಮಾತು ನಡೆಸಲಿಲ್ಲ.

ಇದನ್ನು ಮೊದಲೇ ಹಿಡಿಯುವ ದಾರಿ ಇದೆ. ಉತ್ತರ 12.32 ನಿಜ ಆಗಿದ್ದರೆ ಮೇಲಕ್ಕೆ 10.32ರಲ್ಲಿ ಸುಮಾರು 35 ನಿಮಿಷ, ಕೆಳಕ್ಕೆ 14.32ರಲ್ಲಿ ಸುಮಾರು 25 ನಿಮಿಷ ಆಗಬೇಕಿತ್ತು. ನಿಮಗೆ ಆದದ್ದು 30 ಮತ್ತು 30. ಒಟ್ಟು ಮಾತ್ರ ಹೊಂದಿತು, ಬಿಡಿ ಬಿಡಿಯಾಗಿ ಹೊಂದಲಿಲ್ಲ. ಒಟ್ಟು ಸಮಯದಿಂದ ಲೆಕ್ಕ ಮಾಡುವಾಗ ಹೋದ ಸಮಯ, ಬಂದ ಸಮಯ ಎರಡನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಉತ್ತರ ಬಂದ ಮೇಲೆ ಅವುಗಳ ಜೊತೆ ತಾಳೆ ನೋಡಿ.

ಹೊನ್ನಾವರದ ದೋಣಿಯವ

ಹೌದು, ಹೋಗುವಾಗ ಉಬ್ಬರವೇ. ನಾವು ಯಾವತ್ತೂ ಹಾಗೇ ಹೊರಡುವುದು, ಎಣ್ಣೆ ಉಳಿಯುತ್ತದೆ ಅಂತ. ಅದನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ. 10 ಅಂತಲೇ ಇಟ್ಟುಕೊಳ್ಳುತ್ತೇನೆ.

ಹಡಗಿನ ಮನುಷ್ಯ

ಮಂಗಳೂರಿನವನು, ವ್ಯಾಪಾರಿ ಹಡಗುಗಳಲ್ಲಿ ಎಂಜಿನ್ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ದೋಣಿಯಣ್ಣ, ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ನೀರಿನ ಮೇಲಿನ ವೇಗ ಅಲ್ಲ. ನೀರು ನಿಂತಿರುವಾಗ ಮಾತ್ರ ಎರಡೂ ಒಂದೇ. ನೀವು ಸರಿಯಾದ ಹೊತ್ತಿನಲ್ಲೇ ನೋಡಿದ್ದೀರಿ.

ಹೊಸ ಹಡಗಿನ ವೇಗ ಪರೀಕ್ಷೆಯಲ್ಲೂ ಇದೇ ತೊಂದರೆ ಬರುತ್ತದೆ. ಅದಕ್ಕೆ ಒಂದೇ ದಾರಿಯಲ್ಲಿ ಹೋಗುವುದು, ಬರುವುದು ಅಂತ ಹಲವು ಸಲ ಓಡಿಸುತ್ತಾರೆ. ಆಮೇಲೆ ಸಮಯಗಳ ಸರಾಸರಿ ತೆಗೆಯುವುದಿಲ್ಲ, ವೇಗಗಳ ಸರಾಸರಿ ತೆಗೆಯುತ್ತಾರೆ. ಸಮಯಗಳನ್ನು ಕೂಡಿಸಿದರೆ ಅಮ್ಮನವರ ಮಗಳಿಗೆ 9.6 ಬಂದ ಹಾಗೆಯೇ ಕಡಿಮೆ ಬರುತ್ತದೆ.

ನೀರಿನ ಹರಿವು ಮಧ್ಯದಲ್ಲೇ ಬದಲಾಗುತ್ತಿದ್ದರೆ ನಾಲ್ಕು ಓಟ ಓಡಿಸಿ, ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೊಂದು ಪಾಲು, ನಡುವಿನ ಎರಡಕ್ಕೆ ಮೂರು ಮೂರು ಪಾಲು ಕೊಡುತ್ತಾರೆ. ನಿಮ್ಮ 10ರ ದೋಣಿಯನ್ನೇ ತೆಗೆದುಕೊಳ್ಳಿ. ಇಳಿತ ನಿಧಾನಕ್ಕೆ ಸೋತು ಉಬ್ಬರಕ್ಕೆ ತಿರುಗುತ್ತಿದೆ. ಹರಿವು 2, ಆಮೇಲೆ 1, ಆಮೇಲೆ ಸೊನ್ನೆ, ಆಮೇಲೆ ತಿರುಗಿ 1. ಮೇಲೆ, ಕೆಳಗೆ, ಮೇಲೆ, ಕೆಳಗೆ ಓಡಿದರೆ ನೆಲದ ಮೇಲೆ ಸಿಗುವ ವೇಗ 8, 11, 10, 9. ಸುಮ್ನೆ ಸರಾಸರಿ ತೆಗೆದರೆ 9.5. ಪಾಲು ಹಾಕಿದರೆ:

```
(8 + 3*11 + 3*10 + 9) / 8 = 80/8 = 10
```

ಹರಿವು ಒಂದೇ ಸಮನೆ ಬದಲಾಗುತ್ತಿದ್ದರೆ, ಓಟಗಳ ನಡುವಿನ ಬಿಡುವೂ ಒಂದೇ ಆಗಿದ್ದರೆ ಮಾತ್ರ ಇಷ್ಟು ಚೆನ್ನಾಗಿ ಹೊಂದುತ್ತದೆ. ಮಧ್ಯೆ ಊಟಕ್ಕೆ ನಿಂತರೆ ಆಗುವುದಿಲ್ಲ.

ಮಲೆನಾಡ ಅಮ್ಮ

ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. 6 ಕಿ.ಮೀ. ನಷ್ಟ, 4 ಕಿ.ಮೀ. ಲಾಭ ಅಂದಿದ್ದು ಅವಳಿಗೆ ಪೂರ್ತಿ ಹಿಡಿಸಿತು. ಆಮೇಲೆ ಪುಸ್ತಕ ತಂದು ಒಂದು ವಿಷಯ ತೋರಿಸಿದಳು. "ಅಮ್ಮ, ಬಿಡಿ ಅಂದ -0.4ನ್ನು 10ಕ್ಕೆ ಕೂಡಿಸು. 9.6 ಬರುತ್ತೆ!" ಅವಳ ಹಳೆಯ ತಪ್ಪು ಉತ್ತರ! ಇದು ಸುಮ್ನೆ ಆಕಸ್ಮಿಕವೋ, ಇದರ ಹಿಂದೆ ಏನಾದರೂ ಇದೆಯೋ?

ನಿವೃತ್ತ ಮೇಷ್ಟ್ರು

ಅಮ್ಮನವರೇ, ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಮೂವತ್ತು ವರ್ಷ ಈ ಲೆಕ್ಕ ಪಾಠ ಮಾಡಿದ್ದೇನೆ, ನನ್ನ ತರಗತಿಯಲ್ಲಿ ಇದನ್ನು ಯಾರೂ ಹೀಗೆ ಎತ್ತಿ ತೋರಿಸಿರಲಿಲ್ಲ. ಕಾಗದ ಹಿಡಿದು ಕುಳಿತೆ. ಆಕಸ್ಮಿಕ ಅಲ್ಲ.

5x² - 48x - 20 = 0 ಎನ್ನುವುದರಲ್ಲಿ ಎರಡು ಮೂಲಗಳ ಮೊತ್ತ 48/5. ಈ 48 ಎಲ್ಲಿಂದ ಬಂತು? 24 ಮತ್ತು 24, ಅಂದರೆ ಒಟ್ಟು ದೂರ. ಈ 5 ಒಟ್ಟು ಸಮಯ. ಹಾಗಾದರೆ ಮೂಲಗಳ ಮೊತ್ತ ಅಂದರೆ ಒಟ್ಟು ದೂರ ಭಾಗಿಸು ಒಟ್ಟು ಸಮಯ, ಅದೇ ಪ್ರಯಾಣದ ಸರಾಸರಿ ವೇಗ. ಅಂಕಿ ಯಾವುದೇ ಇರಲಿ, ಹೋಗಿ ಬರುವ ದೂರ ಒಂದೇ, ಹರಿವೂ ಒಂದೇ ಆಗಿದ್ದರೆ ಇದು ಯಾವಾಗಲೂ ನಿಜ.

ಗುಣಲಬ್ಧ ನೋಡಿ: -20/5, ಅಂದರೆ -4. ಅದು 2ರ ವರ್ಗ, ಮೈನಸ್ ಚಿಹ್ನೆಯ ಜೊತೆ. ಹೊಳೆಯ ವೇಗದ ವರ್ಗ. ಇದೂ ಯಾವಾಗಲೂ ನಿಜ. ಗುಣಲಬ್ಧ ಮೈನಸ್ ಆದ್ದರಿಂದ ಎರಡು ಮೂಲಗಳಲ್ಲಿ ಒಂದು ಪ್ಲಸ್, ಒಂದು ಮೈನಸ್ ಬಂದೇ ಬರುತ್ತದೆ. ಎರಡೂ ಪ್ಲಸ್ ಬಂದರೆ ಸಮೀಕರಣ ಎಲ್ಲೋ ಕೆಟ್ಟಿದೆ ಅಂತ ಅರ್ಥ.

ಹಾಗಾಗಿ ಬಿಟ್ಟುಬಿಟ್ಟ ಮೂಲ ಬೆಲೆ ಇಲ್ಲದ್ದಲ್ಲ. ಮೈನಸ್ ತೆಗೆದು 0.4 ಅಂತ ನೋಡಿದರೆ, ಹೊಳೆ ಇರುವುದರಿಂದ ಸರಾಸರಿ ವೇಗದಲ್ಲಿ ಆದ ನಷ್ಟ ಅದು. ನಿಂತ ನೀರಾಗಿದ್ದರೆ 10 ಸಿಗುತ್ತಿತ್ತು, ಹೊಳೆಯಲ್ಲಿ 9.6 ಸಿಕ್ಕಿತು. ಹೊಳೆಯ ವೇಗದ ವರ್ಗವನ್ನು ದೋಣಿಯ ವೇಗದಿಂದ ಭಾಗಿಸಿದರೆ ಆ ನಷ್ಟ: 4/10. ಹೊಳೆಯ ಹರಿವು ಎರಡು ಪಟ್ಟಾದರೆ ಅದೇ ದೋಣಿಗೆ ನಷ್ಟ ನಾಲ್ಕು ಪಟ್ಟು, 1.6.

ಮಗಳು ಮೊದಲು ಬರೆದ 9.6 ತಪ್ಪು ಪ್ರಶ್ನೆಗೆ ಸರಿಯಾದ ಉತ್ತರವಾಗಿತ್ತು ಅಂತ ಹೇಳಿ.

ಕೋಡು ಹುಡುಗ

ಮೇಷ್ಟ್ರೇ, ನನಗೂ ಒಂದು ಸಿಕ್ಕಿತು. -0.4 ಯಾವ ಪ್ರಶ್ನೆಗೆ ಉತ್ತರ ಅಂತ.

ಸಮೀಕರಣ ಹೇಳಿದ್ದು 15 - 10 = 5. ಇದನ್ನು ಹೀಗೆ ಓದಿ. 24 ಕಿ.ಮೀ. ಮೇಲಿನ ಊರಿನಿಂದ ಎರಡು ತೆಪ್ಪ ಒಟ್ಟಿಗೆ ಹೊರಟು ಕೆಳಗಿನ ಊರಿಗೆ ಬರುತ್ತಿವೆ. ಹೊಳೆ 2ರಲ್ಲಿ ಹರಿಯುತ್ತಿದೆ. ಒಬ್ಬ ಹರಿವಿನ ಜೊತೆಗೇ ಗಂಟೆಗೆ 0.4ರಷ್ಟು ಹುಟ್ಟು ಹಾಕುತ್ತಾನೆ. ಇನ್ನೊಬ್ಬ ಎದುರು ದಿಕ್ಕಿಗೆ ಅಷ್ಟೇ 0.4 ಹಾಕುತ್ತಾನೆ, ಆದರೆ ಹೊಳೆ ಅವನನ್ನೂ ಕೆಳಕ್ಕೆ ಕೊಂಡೊಯ್ಯುತ್ತದೆ. ಮೊದಲನೆಯವನ ವೇಗ 2.4, 10 ಗಂಟೆಗೆ ಕೆಳಗೆ ಸೇರುತ್ತಾನೆ. ಎರಡನೆಯವನದು 1.6, ಅವನಿಗೆ 15 ಗಂಟೆ. ಇಬ್ಬರ ನಡುವಿನ ಅಂತರ 5 ಗಂಟೆ!

ಅಂದರೆ "ಎರಡು ತೆಪ್ಪಗಳು 5 ಗಂಟೆ ಅಂತರದಲ್ಲಿ ಬಂದು ಸೇರಿದವು, ಹುಟ್ಟಿನ ವೇಗ ಎಷ್ಟು" ಅಂತ ಕೇಳಿದರೆ ಉತ್ತರ 0.4. ನಮ್ಮ ದೋಣಿಯ ಲೆಕ್ಕವೂ ಈ ತೆಪ್ಪದ ಲೆಕ್ಕವೂ ಒಂದೇ ಸಮೀಕರಣದಲ್ಲಿ ಕೂತಿವೆ. ಮೈನಸ್ ಅನ್ನುವುದು ದಿಕ್ಕು ಬದಲಾಯಿತು ಅಂತ ಹೇಳಿದ್ದು ಅಷ್ಟೇ.

ನಿವೃತ್ತ ಮೇಷ್ಟ್ರು

ಬಹಳ ಚೆನ್ನಾಗಿದೆ ತಮ್ಮಾ. ಒಂದು ಸೇರಿಸುತ್ತೇನೆ. ಆ ಮೈನಸ್ ಮೂಲ ಯಾವಾಗಲೂ ಹೊಳೆಯ ವೇಗಕ್ಕಿಂತ ಚಿಕ್ಕದಾಗಿಯೇ ಬರುತ್ತದೆ. ಎಡಗಡೆಯ 5x² - 48x - 20 ಎನ್ನುವುದರಲ್ಲಿ x ಜಾಗಕ್ಕೆ 2 ಹಾಕಿದರೆ -96, -2 ಹಾಕಿದರೆ +96. ಹಾಗಾಗಿ ಒಂದು ಮೂಲ -2 ಮತ್ತು 2ರ ನಡುವೆ ಇರಲೇಬೇಕು, ಇನ್ನೊಂದು 2ಕ್ಕಿಂತ ಹೆಚ್ಚು. ನಿನ್ನ ಎರಡನೇ ತೆಪ್ಪದವನು ಎಷ್ಟೇ ಹುಟ್ಟು ಹಾಕಿದರೂ ಹೊಳೆಯನ್ನು ಮೀರಲಾರ. ನಿನ್ನ ಕಥೆ ಯಾವ ಅಂಕಿಗೂ ಕೆಡುವುದಿಲ್ಲ.

ಹೊನ್ನಾವರದ ದೋಣಿಯವ

ಮೇಷ್ಟ್ರೇ, ಒಂದು ಸಂಶಯ. ಹೋಗುವಾಗ ಎದುರು 2, ಬರುವಾಗ ಜೊತೆಗೆ 2 ಅಂತ ಒಂದೇ ಅಂಕಿ ಹಿಡಿದಿದ್ದೀರಿ. ನಾವು ಹಾಗೆ ದೋಣಿ ಓಡಿಸುವುದಿಲ್ಲ. ಎದುರು ಹೋಗುವಾಗ ದಡದ ಪಕ್ಕ ಹೋಗುತ್ತೇವೆ, ಅಲ್ಲಿ ಸೆಳೆತ ಕಡಿಮೆ. ಬರುವಾಗ ನಡುಹೊಳೆಗೆ ಬರುತ್ತೇವೆ, ಅಲ್ಲಿ ಜಾಸ್ತಿ. ಹುಟ್ಟು ಹಾಕುತ್ತಿದ್ದ ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದರು.

ನಿವೃತ್ತ ಮೇಷ್ಟ್ರು

ನೀವು ಹೇಳಿದ್ದು ಸರಿ. ಹೋಗುವಾಗ 1, ಬರುವಾಗ 2 ಅಂತ ಹಿಡಿದು ಅದೇ 24 ಕಿ.ಮೀ., ಅದೇ 5 ಗಂಟೆಗೆ ಲೆಕ್ಕ ಹಾಕಿದೆ.

```
24/(x-1) + 24/(x+2) = 5
5x² - 43x - 34 = 0
```

ಉತ್ತರ ಸುಮಾರು 9.33. ಮೊದಲಿನ 10ಕ್ಕಿಂತ ಕಡಿಮೆ. ಹೊಳೆ ಕಡಿಮೆ ತಡೆದಿದೆ, ಹಾಗಾಗಿ ಕಡಿಮೆ ವೇಗದ ದೋಣಿಯೂ 5 ಗಂಟೆಯಲ್ಲಿ ಹೋಗಿ ಬರುತ್ತದೆ. ಈಗ ಮೂಲಗಳ ಮೊತ್ತ 8.6, ಸರಾಸರಿ ವೇಗವಂತೂ 9.6ರಲ್ಲೇ ಇದೆ. ಅಮ್ಮನವರ ಮಗಳು ಕಂಡ ಚೆಂದದ ಹೊಂದಿಕೆ ಹರಿವು ಎರಡೂ ಕಡೆ ಒಂದೇ ಆಗಿದ್ದಾಗ ಮಾತ್ರ.

ಸ್ಪರ್ಧಾರ್ಥಿ

ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆಯಲು ಆಗಲ್ಲ ಸರ್. ಹರಿವು ಒಂದೇ ಅಂತ ಹಿಡಿಯಲೇಬೇಕು.

ನಿವೃತ್ತ ಮೇಷ್ಟ್ರು

ಹಿಡಿಯಬೇಕು, ಒಪ್ಪುತ್ತೇನೆ. ಹಿಡಿದಿದ್ದೇವೆ ಅಂತ ಗೊತ್ತಿದ್ದರೆ ಸಾಕು.

ಹೊನ್ನಾವರದ ದೋಣಿಯವ

ಆದರೆ ಆ 1 ಮತ್ತು 2 ತಿಳಿಯುವುದು ಹೇಗೆ? ನಡುಹೊಳೆಯಲ್ಲಿ ತೆಂಗಿನಕಾಯಿ ಬಿಟ್ಟು ನೋಡಿದ್ದೇನೆ. 100 ಮೀಟರು ಹೋಗಲು 3 ನಿಮಿಷ ಬೇಕಾಯಿತು.

ಹಡಗಿನ ಮನುಷ್ಯ

100 ಮೀಟರಿಗೆ 3 ನಿಮಿಷ ಅಂದರೆ ಗಂಟೆಗೆ 2 ಕಿ.ಮೀ. ಅದು ಸರಿ. ಆದರೆ ಗಾಳಿ ಬೀಸುತ್ತಿದ್ದರೆ ಕಾಯಿಯ ನೀರಿನ ಮೇಲಿನ ಭಾಗವನ್ನು ಗಾಳಿಯೂ ತಳ್ಳುತ್ತದೆ. ನೀರು ತುಂಬಿದ ಬಾಟಲಿ ಒಳ್ಳೆಯದು, ಕುತ್ತಿಗೆ ಮಾತ್ರ ಮೇಲೆ ಕಾಣುವ ಹಾಗೆ. ದಡದ ಪಕ್ಕದ್ದು ಕಷ್ಟ. ಅಲ್ಲಿ ಒಂದೊಂದು ತಿರುವಿಗೆ ಒಂದೊಂದು ಹರಿವು. ಕೆಲವು ಕಡೆ ನೀರು ಹಿಂದಕ್ಕೇ ಸುತ್ತುತ್ತದೆ. ಇಡೀ ದಾರಿಗೆ ಒಂದೇ ಅಂಕಿ ಕೊಡುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ನಿವೃತ್ತ ಮೇಷ್ಟ್ರು

ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಭಿನ್ನರಾಶಿ ಬರೆದು ಕೂಡಿಸಬಹುದು. ತುಂಡು ಹೆಚ್ಚಾದಷ್ಟೂ x ಮೇಲಿನ ಘಾತ ಏರುತ್ತಾ ಹೋಗುತ್ತದೆ, ಅಪವರ್ತನ ಮಾಡಿ ಬಿಡಿಸಲು ಆಗುವುದಿಲ್ಲ. ಅಂಕಿ ಇಟ್ಟು ಇಟ್ಟು ಹತ್ತಿರ ಹೋಗಬೇಕು. ಆದರೂ ದಡದ ಹರಿವನ್ನು ಅಳೆಯದೆ ಅದೂ ಊಹೆಯೇ. ನಾನು ದೋಣಿಯಣ್ಣನ ನಿಂತ ನೀರಿನ ಹೊತ್ತನ್ನೇ ಹೆಚ್ಚು ನಂಬುತ್ತೇನೆ.

ಹಡಗಿನ ಮನುಷ್ಯ

ನಾನು ನಾಲ್ಕು ಓಟವನ್ನೇ ನಂಬುತ್ತೇನೆ, ನಾಲ್ಕೂ ನಡುಹೊಳೆಯಲ್ಲಿ. ನಿಂತ ನೀರು ನಿಜವಾಗಿ ಎಷ್ಟು ನಿಮಿಷ ನಿಂತಿರುತ್ತದೆ ಅಂತ ಕಣ್ಣಲ್ಲಿ ಹೇಳುವುದು ಕಷ್ಟ. ಮೇಲೆ ನಿಂತಂತೆ ಕಂಡರೂ ಅಡಿಯಲ್ಲಿ ನೀರು ಓಡುತ್ತಿರಬಹುದು.

ಹೊನ್ನಾವರದ ದೋಣಿಯವ

ಎರಡನ್ನೂ ಮಾಡಿ ನೋಡುತ್ತೇನೆ. ಅಮಾವಾಸ್ಯೆ ಹತ್ತಿರ ಬಂದಿದೆ, ಈಗ ಸೆಳೆತ ಜೋರು. ಅದು ಕಳೆದು ಒಂದು ವಾರಕ್ಕೆ ಹರಿವು ಮೆತ್ತಗಾಗುತ್ತದೆ, ಆಗ ಓಡಿಸಿ ಅಂಕಿ ಹಾಕುತ್ತೇನೆ.

ಮಲೆನಾಡ ಅಮ್ಮ

ಕಾಯ್ತೀವಿ ಅಣ್ಣ. ಮಗಳು ಈಗ ಪ್ರಶ್ನೆಯನ್ನೇ ಬದಲಾಯಿಸಿದ್ದಾಳೆ. ಒಟ್ಟು 5 ಗಂಟೆ ಅನ್ನುವ ಬದಲು, ಎದುರು ಹೋಗಲು ಬರುವುದಕ್ಕಿಂತ 1 ಗಂಟೆ ಜಾಸ್ತಿ ಬೇಕಾಯಿತು ಅಂತ ಕೊಟ್ಟರೆ?

```
24/(x-2) - 24/(x+2) = 1
96 = x² - 4
x² = 100
```

ಅದೇ ದೋಣಿ, ಅದೇ 10. ಆದರೆ ಈ ಸಲ ಬಿಡಬೇಕಾದ ಉತ್ತರ -0.4 ಅಲ್ಲ, -10. ಇಟ್ಟು ನೋಡಿದಳು: -2 + 3 = 1, ಸರಿಯಾಗಿಯೇ ಇದೆ. "ಇದಕ್ಕೂ ತೆಪ್ಪದ ಕಥೆ ಇರಬೇಕು, ಆ ಅಣ್ಣನನ್ನು ಕೇಳು" ಅಂತ ಹಠ ಹಿಡಿದಿದ್ದಾಳೆ.

ಕೋಡು ಹುಡುಗ

ಇದರಲ್ಲಿ ಎರಡು ಸಮಯವೂ ಮೈನಸ್ ಇದೆ, -2 ಮತ್ತು -3. ಹಾಗಾಗಿ ತೆಪ್ಪದ ಕಥೆ ಹೊಂದಲ್ಲ ಅನ್ಸುತ್ತೆ. ದೋಣಿ ಹೋಗಿ ಬಂದದ್ದನ್ನು ಫೋನಿನಲ್ಲಿ ವಿಡಿಯೊ ಮಾಡಿ ಹಿಂದಿನಿಂದ ಮುಂದಕ್ಕೆ ಓಡಿಸಿದರೆ ಏನಾಗುತ್ತೆ ಅಂತ ಅವಳಿಗೇ ಯೋಚಿಸಲು ಹೇಳಿ ಅಕ್ಕ. ಆ ವಿಡಿಯೊದಲ್ಲಿ ಹೊಳೆ ಯಾವ ಕಡೆ ಹರಿಯುತ್ತೆ ಅನ್ನೋದನ್ನು ಮೊದಲು ನೋಡಲಿ. ನಾಳೆ ಅವಳು ಏನು ಹೇಳಿದಳು ಅಂತ ಇಲ್ಲಿ ಬರೆಯಿರಿ.